ಗೋಡೆಯ ಮರೆಗೆ ಸರಿದ ಮೇಲೂ ಗುಂಡು ತಗಲುವುದೇಕೆ?

ಕಳೆದ ರಜೆಯಲ್ಲಿ ಲಕಮನಹಳ್ಳಿಯ ನಮ್ಮ ಮನೆಯಲ್ಲಿ ಒಂದು ಜಗಳ ನಡೆಯಿತು. ನನ್ನ ಅಣ್ಣನ ಮಗ ಇಲ್ಲಿಂದ, ಅವನ ಸೋದರತ್ತೆಯ ಮಗ ಬೆಂಗಳೂರಿನಿಂದ, ಮುಂಬಯಿಯ ಒಂದು ಸರ್ವರಿನ ಮೂಲಕ 'ಕೌಂಟರ್-ಸ್ಟ್ರೈಕ್: ಸೋರ್ಸ್' ಆಡುತ್ತಿದ್ದರು. "ಕಾಕಾ, ನಾ ಗ್ವಾಡಿ ಹಿಂದ ಹೋಗಿ ಆಗಿತ್ತು, ಆಮ್ಯಾಲೆ ಗುಂಡು ಬಡೀತು. ಅಂವಾ ಏನೋ ಮೋಸದ ಸಾಫ್ಟ್‌ವೇರ್ ಹಾಕ್ಯಾನ" ಎಂದು ನಮ್ಮ ಹುಡುಗ ಸಿಟ್ಟಾದ. ಇಬ್ಬರೂ ವಾರವಿಡೀ ಮಾತು ಬಿಟ್ಟರು. ಬೆಂಗಳೂರಿನವನು ಮೋಸಗಾರನೇ? ಇದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬಹುದು.

ಧಾರವಾಡದಿಂದ ಮುಂಬಯಿಗೆ ನೇರ ದೂರ ಸುಮಾರು 460 ಕಿ.ಮೀ. ಗಾಜಿನ ದ್ಯುತಿತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಹಾಗಾಗಿ ಹೋಗಲು 2.3 ಮಿಲಿಸೆಕೆಂಡು, ಹೋಗಿಬರಲು 5 ಮಿಲಿಸೆಕೆಂಡಿಗಿಂತ ಕಡಿಮೆ ಸಾಕು. ಆದರೆ ಸಂದೇಶ ನೇರ ದಾರಿಯಲ್ಲಿ ಹೋಗುವುದಿಲ್ಲ. ಪ್ರತಿಯೊಂದು ರೂಟರಿನಲ್ಲಿಯೂ ಸರದಿ ಕಾಯುತ್ತದೆ. ಮೊಬೈಲ್ ಜಾಲವಾದರೆ ಗೋಪುರವು ಅವಕಾಶ ಕೊಡುವವರೆಗೂ ಕಾಯುತ್ತದೆ. ಹೀಗೆ ಹೋಗಿಬರಲು ಹಿಡಿಯುವ ಒಟ್ಟು ಕಾಲವನ್ನೇ ಆಟಗಾರರು 'ಪಿಂಗ್' ಎನ್ನುತ್ತಾರೆ. ಅಂದು ನಮ್ಮ ಹುಡುಗನ ಪಿಂಗ್ 40 ಮಿಲಿಸೆಕೆಂಡು ಇತ್ತು. ಮೊಬೈಲ್ ಸಂಪರ್ಕ ಬಳಸುತ್ತಿದ್ದ ಬೆಂಗಳೂರಿನವನದು 120.

ಇದಕ್ಕೆ ಇನ್ನೊಂದು ವಿಳಂಬ ಸೇರುತ್ತದೆ. ಎದುರಾಳಿ ಎಲ್ಲಿದ್ದಾನೆಂಬ ಸುದ್ದಿಯನ್ನು ಸರ್ವರ್ ಬಿಡಿಬಿಡಿಯಾಗಿ ಕಳಿಸುತ್ತದೆ. ಅದನ್ನು ಹಾಗೆಯೇ ತೋರಿಸಿದರೆ ಎದುರಾಳಿ ಕುಪ್ಪಳಿಸಿದಂತೆ ಕಾಣುತ್ತಾನೆ. ಆದ್ದರಿಂದ ನಿಮ್ಮ ಗಣಕ ಬೇಕೆಂದೇ ಸ್ವಲ್ಪ ಹಿಂದೆ ಉಳಿದು, ಬಂದಿರುವ ಎರಡು ಸುದ್ದಿಗಳ ನಡುವಿನ ಸ್ಥಾನಗಳನ್ನು ತುಂಬುತ್ತ ಚಲನೆಯನ್ನು ನಯಗೊಳಿಸುತ್ತದೆ. ಈ ಆಟದಲ್ಲಿ `cl_interp` ಎಂಬ ಆಯ್ಕೆ ಇದನ್ನು ನಿರ್ಧರಿಸುತ್ತದೆ. ಅದರ ಮೂಲ ಬೆಲೆ 0.1 ಸೆಕೆಂಡು, ಅಂದರೆ 100 ಮಿಲಿಸೆಕೆಂಡು.

ಈಗ ಗುಂಡಿನ ಕಥೆಗೆ ಬರೋಣ. ಸರ್ವರಿನ ಗಡಿಯಾರ 1000 ಮಿಲಿಸೆಕೆಂಡು ತೋರಿಸುವಾಗ ಬೆಂಗಳೂರಿನವನು ಗುಂಡಿ ಒತ್ತಿದನೆಂದುಕೊಳ್ಳಿ. ಅವನ ಪರದೆಯ ಮೇಲಿನ ದೃಶ್ಯ ಸರ್ವರಿನಿಂದ ಬರಲು 60 ಮಿಲಿಸೆಕೆಂಡು ಹಿಡಿದಿದೆ. ನಯಗೊಳಿಸಲು ಮತ್ತೆ 100. ಅಂದರೆ ಅವನು ನೋಡುತ್ತಿರುವುದು 840ನೆಯ ಮಿಲಿಸೆಕೆಂಡಿನ ಎದುರಾಳಿಯನ್ನು. ಅವನ ಆಜ್ಞೆ ಮುಂಬಯಿ ಮುಟ್ಟುವುದು 1060ಕ್ಕೆ. ಆ ಹೊತ್ತಿಗೆ ದೃಶ್ಯ 220 ಮಿಲಿಸೆಕೆಂಡು ಹಳೆಯದು. ಎದುರಾಳಿ ಸೆಕೆಂಡಿಗೆ 5 ಮೀಟರ್ ಓಡುತ್ತಿದ್ದರೆ ಅಷ್ಟರಲ್ಲಿ 1.1 ಮೀಟರ್ ಸರಿದಿರುತ್ತಾನೆ.

ಸರ್ವರ್ ತನ್ನ ಈ ಕ್ಷಣವನ್ನೇ ಪ್ರಮಾಣವೆಂದು ಹಿಡಿದರೆ, ಎದೆಗೆ ಗುರಿಯಿಟ್ಟ ಗುಂಡು ತಪ್ಪುತ್ತದೆ. ಓಡುವವನ ಮುಂದಿನ ಖಾಲಿ ಜಾಗಕ್ಕೆ ಗುರಿಯಿಡಬೇಕಾಗುತ್ತದೆ. ಅದನ್ನೂ ಅಭ್ಯಾಸ ಮಾಡಬಹುದಲ್ಲ ಎನ್ನುವಿರಾ? ಪಿಂಗ್ ಸ್ಥಿರವಾಗಿದ್ದರೆ ಸಾಧ್ಯವಿತ್ತು. ಅದು ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ, ಎಷ್ಟು ಮುಂದೆ ಗುರಿಯಿಡಬೇಕೆಂಬುದು ಊಹೆಯ ಮಾತಾಗುತ್ತದೆ.

ವಾಲ್ವ್ ಸಂಸ್ಥೆಯ ಯಾನ್ ಬರ್ನಿಯರ್ 2001ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ಪರಿಹಾರ ಸರಳವಾಗಿದೆ. ಆಟಗಾರರೆಲ್ಲರ ಇತ್ತೀಚಿನ ಸ್ಥಾನಗಳನ್ನು ಸರ್ವರ್ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಗುಂಡಿನ ಆಜ್ಞೆ ಬಂದೊಡನೆ, ಹೊಡೆದವನ ಪಿಂಗ್ ಮತ್ತು ನಯಗೊಳಿಸುವ ಕಾಲವನ್ನು ಈಗಿನ ಕಾಲದಿಂದ ಕಳೆಯುತ್ತದೆ. ನಮ್ಮ ಉದಾಹರಣೆಯಲ್ಲಿ 1060 − 120 − 100 = 840. ಉಳಿದ ಆಟಗಾರರನ್ನು ಆ ಕ್ಷಣದ ಸ್ಥಾನಗಳಿಗೆ ಹಿಂದೆ ಸರಿಸಿ, ಗುಂಡಿನ ಸರಳರೇಖೆ ಯಾರಿಗಾದರೂ ತಗಲುವುದೇ ಎಂದು ಪರೀಕ್ಷಿಸಿ, ಮತ್ತೆ ಅವರವರ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಪರೀಕ್ಷೆ ನಡೆಯುವುದು ಹಳೆಯ ಕ್ಷಣದಲ್ಲಿ, ಗಾಯವಾಗುವುದು ಈಗ.

ಹೊಡೆದವನಿಗೆ ಇದರಿಂದ ನ್ಯಾಯ ಸಿಕ್ಕಿತು. ಹೊಡೆಸಿಕೊಂಡವನ ಕಡೆಯಿಂದ ನೋಡೋಣ. ತನ್ನ ಓಟವನ್ನು ಅವನು ವಿಳಂಬವಿಲ್ಲದೆ ನೋಡುತ್ತಾನೆ, ಏಕೆಂದರೆ ಅವನ ಗಣಕ ಸರ್ವರಿನ ಉತ್ತರಕ್ಕೆ ಕಾಯದೆ ಅವನನ್ನು ಓಡಿಸಿಬಿಡುತ್ತದೆ. ಸರ್ವರಿನಲ್ಲಿ 840ಕ್ಕೆ ದಾಖಲಾದ ಸ್ಥಾನದಲ್ಲಿ ಅವನು ತನ್ನ ಪರದೆಯ ಮೇಲೆ ಇದ್ದದ್ದು 820ಕ್ಕೆ. ಸತ್ತ ಸುದ್ದಿ ಅವನಿಗೆ ಮುಟ್ಟುವುದು 1080ಕ್ಕೆ. ನಡುವಿನ ಅಂತರ 260 ಮಿಲಿಸೆಕೆಂಡು, ದೂರದಲ್ಲಿ 1.3 ಮೀಟರ್. ಬಾಗಿಲಲ್ಲಿ ಕಂಡವನು ಗೋಡೆಯ ಹಿಂದೆ ಒಂದೂಕಾಲು ಮೀಟರ್ ಒಳಗೆ ಹೋದ ಮೇಲೆ ಸಾಯುತ್ತಾನೆ! ನಮ್ಮ ಹುಡುಗ ಹೇಳಿದ್ದು ನಿಜ. ಬೆಂಗಳೂರಿನವನು ಕಂಡದ್ದೂ ನಿಜ.

ಈ 260 ಎಲ್ಲಿಂದ ಬಂತೆಂದು ಗಮನಿಸಿ: 120 + 100 + 40. ಹೊಡೆದವನ ಪಿಂಗ್, ಅವನ ನಯಗೊಳಿಸುವ ಕಾಲ, ಸತ್ತವನ ಪಿಂಗ್ ಇವುಗಳ ಮೊತ್ತ. ಇದನ್ನು 'ವಿಳಂಬ ಪರಿಹಾರ' ಎಂದು ಕರೆಯುವುದು ಪೂರ್ತಿ ಸರಿಯಲ್ಲ. ಒಂದು ಮಿಲಿಸೆಕೆಂಡೂ ಇಲ್ಲಿ ಕಡಿಮೆಯಾಗಿಲ್ಲ. ಹೊಡೆಯುವವನ ಹೆಗಲ ಮೇಲಿದ್ದ ಹೊರೆಯನ್ನು ಓಡುವವನ ಹೆಗಲಿಗೆ ದಾಟಿಸಲಾಗಿದೆ.

ಹಾಗೆಂದು ವಿಧಾನವೇ ತಪ್ಪೆಂದು ನಾನು ಹೇಳಲಾರೆ. ಸರಿಯಾಗಿ ಗುರಿಯಿಟ್ಟರೂ ತಪ್ಪುವ ಗುಂಡು ಪ್ರತಿ ಸಲವೂ ಕಣ್ಣಿಗೆ ಬೀಳುತ್ತದೆ. ಮರೆಯಲ್ಲಿ ಸಾಯುವುದು ಮೂಲೆ ದಾಟುವ ಆ ಕಾಲು ಸೆಕೆಂಡಿನಲ್ಲಿ ಮಾತ್ರ ಎದ್ದು ಕಾಣುತ್ತದೆ. ಬಯಲಿನಲ್ಲಿ ಅದೇ ಅಂತರವಿದ್ದರೂ ಯಾರೂ ಗಮನಿಸುವುದಿಲ್ಲ.

ನನ್ನ ಆಕ್ಷೇಪವಿರುವುದು ಮಿತಿಯ ಬಗ್ಗೆ. ಈ ಸರ್ವರಿನಲ್ಲಿ ಎಷ್ಟು ಹಿಂದಿನವರೆಗೆ ಹೋಗಬಹುದೆಂದು `sv_maxunlag` ಹೇಳುತ್ತದೆ. ಅದರ ಮೂಲ ಬೆಲೆ 1 ಸೆಕೆಂಡು, ಅಂದರೆ 5 ಮೀಟರ್ ಓಟ, ಒಂದು ಕೋಣೆಯಷ್ಟು ದೂರ. ದೂರವಾಣಿ ತಂತಿಯ ಮೋಡೆಮ್‌ಗಳ ಕಾಲಕ್ಕೆ ಅಷ್ಟು ಉದಾರತೆ ಬೇಕಿತ್ತು. ಈಗ ಅದು ಸಂಪರ್ಕ ಕೆಟ್ಟಿರುವವನಿಗೆ ಕೊಡುವ ಬಹುಮಾನವಾಗುತ್ತದೆ. ಬೇಕೆಂದೇ ಸಂಪರ್ಕವನ್ನು ನಿಧಾನ ಮಾಡಿಕೊಳ್ಳುವವರಿಗೂ ದಾರಿ ಬಿಡುತ್ತದೆ. ಸರ್ವರ್ ನಡೆಸುವವರು ಇದನ್ನು ಬದಲಿಸಬಹುದು:

```
sv_maxunlag 0.2
```

ಆಗ ಬೆಂಗಳೂರಿನವನ 220ರಲ್ಲಿ 20 ಮಾತ್ರ ಖೋತಾ ಆಗುತ್ತದೆ. ಆದರೆ 400 ಪಿಂಗ್ ಇರುವವನ 500 ಮಿಲಿಸೆಕೆಂಡಿನಲ್ಲಿ 200ಕ್ಕೆ ಮಾತ್ರ ರಿಯಾಯಿತಿ. ಉಳಿದ 300ಕ್ಕೆ ಅವನೇ ಮುಂದೆ ಗುರಿಯಿಡಬೇಕು. ಹೊರೆ ಹಂಚಿಕೆಯಾಗುತ್ತದೆ. 2016ರ 'ಓವರ್‌ವಾಚ್' ಆಟ ಬೇರೊಂದು ಹಂಚಿಕೆ ಮಾಡಿತು: ಸಾಮಾನ್ಯವಾಗಿ ಹೊಡೆದವನ ಪರ, ಆದರೆ ಎದುರಾಳಿ ತಪ್ಪಿಸಿಕೊಳ್ಳುವ ವಿಶೇಷ ಶಕ್ತಿಯನ್ನು ಬಳಸಿದ್ದರೆ ಅವನ ಪರ.

ಜಗಳಕ್ಕೆ ಮರಳೋಣ. ಹುಡುಗನ ಪರದೆಯ ಮುದ್ರಿಕೆಯನ್ನು ಚೌಕಟ್ಟು ಚೌಕಟ್ಟಾಗಿ ಓಡಿಸಿ ನೋಡಿದೆವು. ಮರೆಗೆ ಸರಿದದ್ದಕ್ಕೂ ಸತ್ತದ್ದಕ್ಕೂ ನಡುವೆ ಕಾಲು ಸೆಕೆಂಡಿಗಿಂತ ಕಡಿಮೆ ಅಂತರವಿತ್ತು. ನಮ್ಮ ಮೊತ್ತದೊಳಗೇ ಅದು ಅಡಗಿತು. ನೀವೂ ಯಾರನ್ನಾದರೂ ಮೋಸಗಾರನೆನ್ನುವ ಮೊದಲು ಈ ಮೂರು ಸಂಖ್ಯೆಗಳನ್ನು ಕೂಡಿಸಿ. ಅಂತರ ಆ ಮೊತ್ತಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ, ಆ ಕ್ಷಣದಲ್ಲಿ ಯಾರದಾದರೂ ಪಿಂಗ್ ಜಿಗಿಯಿತೇ ಎಂದು ಮೊದಲು ನೋಡಿ. ಅನುಮಾನಕ್ಕೆ ಎಡೆ ಆಮೇಲೆ. ಅಂದು ಸಂಜೆ ನಮ್ಮ ಹುಡುಗನೇ ಬೆಂಗಳೂರಿಗೆ ಫೋನ್ ಮಾಡಿದ. "ನೀ ಮೋಸ ಮಾಡಿಲ್ಲಪಾ, ಆದ್ರ ಆ ಮೊಬೈಲ್ ನೆಟ್ ಬಿಟ್ಟು ಆಡು" ಎಂದ.