ಒಬ್ಬರು ಕೂತಿರಲಿ, ಉಳಿದವರು ಸರಿಯಲಿ

ರಂಗ ಶಿಬಿರದ ಮೊದಲ ಬೆಳಿಗ್ಗೆ ‘ಇಬ್ಬಿಬ್ಬರು ಜೋಡಿಯಾಗಿ’ ಎಂದು ಹೇಳಿ ಸುಮ್ಮನೆ ನಿಂತರೆ ಸಾಕು, ಆ ಗುಂಪಿನ ಒಳಗುಟ್ಟೆಲ್ಲ ಎದುರಿಗೆ ಬರುತ್ತದೆ. ಒಂದೇ ಊರಿನಿಂದ ಬಂದವರು ಒಟ್ಟಾಗುತ್ತಾರೆ, ಕಾಲೇಜಿನ ಗೆಳೆಯರು ಒಟ್ಟಾಗುತ್ತಾರೆ. ಯಾರಿಗೂ ಪರಿಚಯವಿಲ್ಲದ ಇಬ್ಬರು ಕೊನೆಯಲ್ಲಿ ಉಳಿದು, ಬೇರೆ ದಾರಿಯಿಲ್ಲದೆ ಹತ್ತಿರ ಬರುತ್ತಾರೆ. ಹೀಗೆ ಶುರುವಾದ ಶಿಬಿರದಲ್ಲಿ ನಾಲ್ಕನೆಯ ದಿನವೂ ಅವೇ ಜೋಡಿಗಳು ಕಾಣಿಸುತ್ತವೆ.

ಕನ್ನಡಿ ಆಟವನ್ನೇ ತೆಗೆದುಕೊಳ್ಳೋಣ. ವಯೋಲಾ ಸ್ಪೋಲಿನ್ 1963ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಜಗತ್ತಿನ ಶಿಬಿರಗಳಿಗೆಲ್ಲ ಹರಡಿದ ಅಭ್ಯಾಸ ಇದು. ಒಬ್ಬರು ನಿಧಾನವಾಗಿ ಕೈ ಎತ್ತುತ್ತಾರೆ, ಕುತ್ತಿಗೆ ಹೊರಳಿಸುತ್ತಾರೆ. ಎದುರಿನವರು ಅದನ್ನು ಕನ್ನಡಿಯಂತೆ ಅದೇ ಹೊತ್ತಿಗೆ ಮಾಡಬೇಕು. ಮೂರು ನಿಮಿಷದ ಮೇಲೆ ಪಾತ್ರ ಅದಲುಬದಲು. ಎದುರಿನ ದೇಹ ಬದಲಾದರೆ ಆಟವೇ ಬದಲಾಗುತ್ತದೆ. ಎತ್ತರದವರ ಜೊತೆ ಕಣ್ಣು ಬೇರೆ ಕಡೆ ನಿಲ್ಲುತ್ತದೆ, ಚುರುಕಿನವರ ಜೊತೆ ಉಸಿರು ಬೇರೆಯಾಗುತ್ತದೆ. ಅದಕ್ಕೇ ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರ ಜೊತೆ ಒಂದು ಸಲ, ಒಂದೇ ಸಲ ಕೂರಬೇಕು ಅನ್ನುವುದು ನನ್ನ ಹಟ. ಆ ಹಟಕ್ಕೆ ಒಂದು ಲೆಕ್ಕ ಬೇಕು.

ಎಂಟು ಜನರಿದ್ದರೆ ಜೋಡಿಗಳು 28. ಒಂದು ಸುತ್ತಿಗೆ ನಾಲ್ಕು ಜೋಡಿ, ಆದ್ದರಿಂದ ಏಳು ಸುತ್ತು. ಇಲ್ಲಿಯವರೆಗೆ ಸುಲಭ. ‘ಹಿಂದೆ ಸಿಗದವರನ್ನು ಹುಡುಕಿಕೊಳ್ಳಿ’ ಎಂದು ಜನರಿಗೇ ಬಿಟ್ಟರೆ ಏಳು ಸುತ್ತಿಗೆ ಮುಗಿಯುತ್ತದೆಯೇ ಎಂಬುದು ತೊಡಕಿನ ಪ್ರಶ್ನೆ. ಆರೇ ಜನರಿದ್ದಾಗಲೂ ಅದು ಕೈಕೊಡಬಲ್ಲದು. ಬಹಳ ಶಿಬಿರಗಳಲ್ಲಿ ಮಾಡುವಂತೆ ಮೂವರ ಎದುರು ಮೂವರನ್ನು ಸಾಲಾಗಿ ನಿಲ್ಲಿಸಿ, ಒಂದು ಸಾಲನ್ನು ಒಂದೊಂದೇ ಹೆಜ್ಜೆ ಸರಿಸಿ. ಮೂರು ಸುತ್ತಿನಲ್ಲಿ ಈ ಸಾಲಿನವರೆಲ್ಲ ಆ ಸಾಲಿನವರನ್ನೆಲ್ಲ ಭೇಟಿಯಾದರು. ಒಟ್ಟು 15 ಜೋಡಿಗಳಲ್ಲಿ ಒಂಬತ್ತು ಮುಗಿದವು, ಉಳಿದ ಆರಕ್ಕೆ ಎರಡು ಸುತ್ತು ಸಾಕಲ್ಲ ಅನ್ನಿಸುತ್ತದೆ. ಸಾಲದು. ಉಳಿದ ಜೋಡಿಗಳೆಲ್ಲ ಆಯಾ ಸಾಲಿನ ಒಳಗಿನವು. ಮೂವರಲ್ಲಿ ಇಬ್ಬರು ಕೂತರೆ ಮೂರನೆಯವರು ಖಾಲಿ, ಆ ಸಾಲಿನಲ್ಲೂ ಒಬ್ಬರು ಖಾಲಿ, ಖಾಲಿ ಇರುವ ಆ ಇಬ್ಬರು ಆಗಲೇ ಜೊತೆಯಾಗಿ ಮುಗಿದಿದೆ. ಐದು ಸುತ್ತಿನ ಕೆಲಸಕ್ಕೆ ಆರು ಸುತ್ತು ಬೇಕಾಗುತ್ತದೆ, ಕೊನೆಯ ಮೂರರಲ್ಲಿ ಪ್ರತಿಸಲವೂ ಇಬ್ಬರು ಗೋಡೆಗೆ ಒರಗಿ ನಿಂತಿರುತ್ತಾರೆ. ಹತ್ತು ಜನರನ್ನು ಐದೈದಾಗಿ ನಿಲ್ಲಿಸಿದರೂ ಇದೇ ಕತೆ. ಎಂಟು ಅಥವಾ ಹನ್ನೆರಡು ಜನರಿದ್ದರೆ ಅರ್ಧ ಸಾಲು ಸಮಸಂಖ್ಯೆಯಾಗುವುದರಿಂದ ಈ ತೊಂದರೆ ಬರುವುದಿಲ್ಲ. ಆದರೆ ಶಿಬಿರಕ್ಕೆ ಎಷ್ಟು ಜನ ಬರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲವಲ್ಲ.

ಎಲ್ಲ ಸಂಖ್ಯೆಗೂ ಒದಗುವ ಒಂದು ಹಳೆಯ ಕ್ರಮವಿದೆ. ಫ್ರೆಂಚ್ ಗಣಿತಜ್ಞ ಎಡ್ವಾರ್ ಲ್ಯೂಕಾ 1883ರಲ್ಲಿ ಹೊರತಂದ ಗಣಿತ ವಿನೋದದ ಸಂಪುಟದಲ್ಲಿ, ವಸತಿಶಾಲೆಯ ಹುಡುಗಿಯರು ಪ್ರತಿದಿನ ಹೊಸ ಜೊತೆಗಾತಿಯೊಂದಿಗೆ ವಾಯುವಿಹಾರಕ್ಕೆ ಹೋಗುವುದು ಹೇಗೆಂಬ ಪ್ರಶ್ನೆಯಾಗಿ ಇದನ್ನು ಚರ್ಚಿಸಿದ. ಚದುರಂಗದವರಿಗೂ ಇದು ಹೊಸದಲ್ಲ. ಎಲ್ಲರೂ ಎಲ್ಲರೊಡನೆ ಆಡುವ ಪಂದ್ಯಾವಳಿಗೆ ಅವರು ಇವತ್ತಿಗೂ ಬಳಸುವ ಬರ್ಗರ್ ಕೋಷ್ಟಕ ಇದೇ ತತ್ವದ್ದು.

ಎಂಟು ಕುರ್ಚಿಗಳನ್ನು ನಾಲ್ಕು ನಾಲ್ಕಾಗಿ ಎದುರುಬದುರು ಹಾಕಿ. ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ 1, 2, 3, 4. ಕೆಳಗಿನ ಸಾಲಿನಲ್ಲಿ ಎಡದಿಂದ ಬಲಕ್ಕೆ 8, 7, 6, 5. ಮೊದಲ ಸುತ್ತಿನಲ್ಲಿ 1ಕ್ಕೆ 8, 2ಕ್ಕೆ 7, 3ಕ್ಕೆ 6, 4ಕ್ಕೆ 5 ಎದುರು. ಸುತ್ತು ಮುಗಿದಾಗ 1ನೆಯವರು ಕೂತಲ್ಲೇ ಕೂತಿರಬೇಕು. ಉಳಿದ ಏಳೂ ಜನ ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲಿ ಒಂದೊಂದು ಕುರ್ಚಿ ಸರಿಯಬೇಕು. ಮೇಲಿನ ಸಾಲಿನವರು ಬಲಕ್ಕೆ, ಅದರ ಕೊನೆಯಲ್ಲಿರುವವರು ಕೆಳಗಿನ ಸಾಲಿಗೆ, ಕೆಳಗಿನವರು ಎಡಕ್ಕೆ, ಎಡತುದಿಯವರು ಮೇಲೆ 1ನೆಯವರ ಪಕ್ಕಕ್ಕೆ. ಎರಡನೆಯ ಸುತ್ತಿನ ಜೋಡಿಗಳು 1–7, 8–6, 2–5, 3–4. ಮೂರನೆಯದು 1–6, 7–5, 8–4, 2–3. ನಾಲ್ಕನೆಯದು 1–5, 6–4, 7–3, 8–2. ಐದನೆಯದು 1–4, 5–3, 6–2, 7–8. ಆರನೆಯದು 1–3, 4–2, 5–8, 6–7. ಏಳನೆಯದು 1–2, 3–8, 4–7, 5–6. ಒಂದು ಜೋಡಿಯೂ ಎರಡು ಸಲ ಬಂದಿಲ್ಲ, ಒಂದೂ ತಪ್ಪಿಲ್ಲ.

ಇದು ಹೇಗೆ ಕೂಡಿಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದೆ ಏನು ಕೆಟ್ಟರೂ ರಿಪೇರಿ ಮಾಡಬಹುದು. ಸರಿಯುವ ಏಳು ಜನ ಒಂದು ಬಳೆಯ ಮೇಲಿದ್ದಾರೆ ಎಂದುಕೊಳ್ಳಿ. ಎಲ್ಲರೂ ಒಟ್ಟಿಗೆ ಸರಿಯುವುದರಿಂದ ಯಾವ ಇಬ್ಬರ ನಡುವಿನ ಅಂತರವೂ ಬದಲಾಗುವುದಿಲ್ಲ; ಹತ್ತಿರದ ದಾರಿಯಿಂದ ಎಣಿಸಿದರೆ ಅದು ಒಂದೋ ಎರಡೋ ಮೂರೋ ಆಗಿರುತ್ತದೆ. ಈಗ ಎದುರುಬದುರಾದ ಕುರ್ಚಿಗಳನ್ನು ನೋಡಿ. ಬಲತುದಿಯ ಜೋಡಿ ಕುರ್ಚಿಗಳ ನಡುವೆ ಅಂತರ ಒಂದು, ಅದರ ಪಕ್ಕದ ಜೋಡಿಗೆ ಮೂರು, ಆಮೇಲಿನದಕ್ಕೆ ಎರಡು. ಪ್ರತಿ ಅಂತರಕ್ಕೂ ಒಂದೇ ಒಂದು ಜೋಡಿ ಕುರ್ಚಿ ಇದೆ. ಹಾಗಾಗಿ ಅಂತರ ಎರಡಿರುವ ಇಬ್ಬರು ಆ ಒಂದು ಜಾಗಕ್ಕೆ ಬಂದಾಗ ಮಾತ್ರ ಎದುರಾಗುತ್ತಾರೆ, ಪೂರ್ತಿ ಸುತ್ತಿನಲ್ಲಿ ಅದು ಒಮ್ಮೆ ಮಾತ್ರ. 1ನೆಯವರ ಎದುರಿನ ಕುರ್ಚಿಗೆ ಏಳೂ ಜನ ಸರದಿಯಂತೆ ಬಂದೇ ಬರುತ್ತಾರೆ.

ಇದರಲ್ಲಿ ಅತಿ ಹೆಚ್ಚು ಆಗುವ ತಪ್ಪೆಂದರೆ, ‘ಎಲ್ಲರೂ ಸರಿಯಿರಿ’ ಅಂದಾಗ 1ನೆಯವರೂ ಎದ್ದು ಹೊರಡುವುದು. ಆಗ ಬಳೆಯ ಮೇಲೆ ಎಂಟು ಜನರಾಗುತ್ತಾರೆ, ಎದುರುಬದುರು ಕುರ್ಚಿಗಳ ಅಂತರ ಬರೀ ಒಂದು ಮತ್ತು ಮೂರಕ್ಕೆ ಇಳಿಯುತ್ತದೆ. ನಾಲ್ಕು ಸುತ್ತು ಎಲ್ಲ ಸರಿಯಾಗಿಯೇ ಕಾಣುತ್ತದೆ. ಐದನೆಯದರಲ್ಲಿ ಮೊದಲ ಸುತ್ತಿನ ಜೋಡಿಗಳೇ ಮತ್ತೆ ಎದುರು ಕೂತಿರುತ್ತವೆ. ಬೆಸಸಂಖ್ಯೆಯವರು ತಮ್ಮೊಳಗೆ, ಸಮಸಂಖ್ಯೆಯವರು ತಮ್ಮೊಳಗೆ ಎಷ್ಟು ಸುತ್ತಿದರೂ ಭೇಟಿಯಾಗುವುದೇ ಇಲ್ಲ. ‘ಇವರ ಜೊತೆ ಆಗಲೇ ಆಯ್ತಲ್ಲ’ ಎಂದು ಒಂದು ಜೋಡಿಯಲ್ಲ, ನಾಲ್ಕೂ ಜೋಡಿಗಳು ಒಟ್ಟಿಗೆ ಹೇಳಿದರೆ ಕಾರಣ ಇದೇ. 1ನೆಯ ಕುರ್ಚಿಗೆ ಒಂದು ಶಾಲು ಕಟ್ಟಿಡಿ, ಅಲ್ಲಿ ಕೂತವರು ಏಳುವುದಿಲ್ಲ ಎಂದು ಮೊದಲೇ ಹೇಳಿಡಿ.

ಜನ ಬೆಸವಾದರೆ ಆ ಶಾಲಿನ ಕುರ್ಚಿಯನ್ನೇ ಖಾಲಿ ಬಿಡಬೇಕು. ಏಳು ಜನ, ಏಳು ಸುತ್ತು. ಖಾಲಿ ಕುರ್ಚಿಯ ಎದುರು ಬಂದವರು ಆ ಸುತ್ತಿಗೆ ಪ್ರೇಕ್ಷಕರು, ಪ್ರತಿಯೊಬ್ಬರಿಗೂ ಅದು ಒಮ್ಮೆ. ಶಿಬಿರ ನಡೆಸುವವರು ಆ ಕುರ್ಚಿಯಲ್ಲಿ ಕೂತು ಸಂಖ್ಯೆ ತುಂಬಿಸುವುದು ನನಗೆ ಹಿಡಿಸುವುದಿಲ್ಲ. ಕನ್ನಡಿ ಆಟವನ್ನು ಹೊರಗಿನಿಂದ ಒಮ್ಮೆ ನೋಡಿದವರ ದೇಹಕ್ಕೆ ತಿಳಿಯುವುದು ಬಹಳವಿದೆ; ಆ ಅವಕಾಶವನ್ನು ಕಸಿದುಕೊಳ್ಳಬಾರದು.

ನಡುವೆ ಎದ್ದುಹೋಗುವವರ ವಿಷಯ ಇದಕ್ಕಿಂತ ಸೂಕ್ಷ್ಮ. ಎಂಟು ಜನರಲ್ಲಿ 6ನೆಯವರು ಮೂರು ಸುತ್ತು ಮುಗಿಸಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು ಎನ್ನಿ. ಉಳಿದವರು ಹತ್ತಿರ ಸರಿದು ಆ ಜಾಗ ತುಂಬುವುದು ಸಹಜ, ಆದರೆ ಲೆಕ್ಕ ಕೆಡುವುದು ಅಲ್ಲೇ. 5 ಮತ್ತು 7ರ ನಡುವೆ ಎರಡಿದ್ದ ಅಂತರ ಒಂದಾಗುತ್ತದೆ, ಮೂರನೆಯ ಸುತ್ತಿನಲ್ಲೇ ಜೊತೆಯಾಗಿದ್ದ ಅವರಿಬ್ಬರು ಮತ್ತೆ ಎದುರಾಗಬಹುದು. ಖಾಲಿ ಜಾಗವೂ ಒಬ್ಬ ಮನುಷ್ಯನಂತೆ ಸರಿಯಬೇಕು. ಹೋದವರ ಹೆಸರಿನ ಚೀಟಿಯನ್ನು ಅವರ ಹಿಂದೆ ನಡೆಯುವ 5ನೆಯವರ ಕೈಗೆ ಕೊಡಿ. ಪ್ರತಿ ಸುತ್ತಿನಲ್ಲೂ ಅವರು ಆ ಚೀಟಿಯನ್ನು ತಮ್ಮ ಮುಂದಿನ ಕುರ್ಚಿಯ ಮೇಲಿಟ್ಟು ತಾವು ಕೂರುತ್ತಾರೆ. ಆಗ 4, 2, 7, 5 ಈ ಕ್ರಮದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸುತ್ತು ಬಿಡುವು ಸಿಗುತ್ತದೆ, ಬೇರೆ ಯಾವ ಜೋಡಿಗೂ ಧಕ್ಕೆಯಿಲ್ಲ.

ಇಷ್ಟೆಲ್ಲ ಸರಿ ಹೋದರೂ ಈ ಕ್ರಮದಲ್ಲಿ ಒಂದು ಕೊರತೆ ಉಳಿಯುತ್ತದೆ. ಮೇಲಿನ ಪಟ್ಟಿಯಲ್ಲಿ 5ನೆಯವರ ಜೊತೆಗಾರರನ್ನು ಹಿಂಬಾಲಿಸಿ ನೋಡಿ. 4, 2, 7, 8 ಈ ನಾಲ್ವರೂ 5ನೆಯವರ ಎದುರಿನಿಂದ ಎದ್ದು ನೇರ 3ನೆಯವರ ಎದುರಿಗೇ ಬರುತ್ತಾರೆ. 5ನೆಯವರು ಭರ್ಜರಿ ಉತ್ಸಾಹದವರಾಗಿದ್ದು ಎಲ್ಲರನ್ನೂ ಸುಸ್ತು ಮಾಡಿ ಕಳಿಸುತ್ತಿದ್ದರೆ, ಆ ಸುಸ್ತಿನ ಪಾಲು 3ನೆಯವರಿಗೆ ಮತ್ತೆ ಮತ್ತೆ ಬೀಳುತ್ತದೆ. ಕನ್ನಡಿ ಆಟದಲ್ಲಿ ಹಿಂದಿನ ಜೊತೆಗಾರರ ಲಯ ಮೈಯಲ್ಲಿ ಸ್ವಲ್ಪ ಹೊತ್ತು ಉಳಿಯುವುದರಿಂದ ಇದು ಸಣ್ಣ ವಿಷಯವಲ್ಲ. ಪಂದ್ಯಾವಳಿಗಳ ವೇಳಾಪಟ್ಟಿಯಲ್ಲಿ ಈ ಪ್ರಭಾವವನ್ನು ಸಮನಾಗಿ ಹಂಚುವುದು ಹೇಗೆಂದು ಕೆ.ಜಿ. ರಸೆಲ್ 1980ರಲ್ಲಿ ಪ್ರಬಂಧ ಬರೆದರು. ನಾಲ್ಕು, ಎಂಟು, ಹದಿನಾರರಂತಹ ಸಂಖ್ಯೆಗಳಿಗೆ ಪೂರ್ಣ ಸಮತೋಲನದ ಪಟ್ಟಿ ಕಟ್ಟಬಹುದೆಂದು ಅವರು ತೋರಿಸಿದರು. ಶಿಬಿರಕ್ಕೆ ಅಷ್ಟು ಬೇಕಿಲ್ಲ. ಜೋಡಿಗಳ ಪಟ್ಟಿಯನ್ನು ಹಾಗೇ ಇಟ್ಟುಕೊಂಡು ಸುತ್ತುಗಳ ಕ್ರಮವನ್ನು ಮಾತ್ರ ಕಲಸಿದರೆ ಸಾಕು, ಯಾವ ಕ್ರಮದಲ್ಲಿ ನಡೆಸಿದರೂ ಎಲ್ಲರೂ ಎಲ್ಲರನ್ನೂ ಒಮ್ಮೆಯೇ ಕಾಣುತ್ತಾರೆ. ಮೇಲಿನ ಏಳು ಸುತ್ತುಗಳನ್ನು 1, 4, 2, 7, 3, 6, 5 ಎಂಬ ಕ್ರಮದಲ್ಲಿ ನಡೆಸಿದರೆ 5ನೆಯವರಿಂದ ಎದ್ದ ಒಬ್ಬರೂ ನೇರ 3ನೆಯವರ ಬಳಿಗೆ ಹೋಗುವುದಿಲ್ಲ. ಅವರು 1, 6, 7 ಈ ಮೂವರಿಗೆ ಇಬ್ಬಿಬ್ಬರಂತೆ ಹಂಚಿಹೋಗುತ್ತಾರೆ. ಆದರೆ ಆಗ ಒಂದೊಂದೇ ಕುರ್ಚಿ ಸರಿಯುವ ಸುಲಭ ಇರುವುದಿಲ್ಲ, ಪಟ್ಟಿ ನೋಡಿ ಜಾಗ ಹುಡುಕಬೇಕು.

ಹೊತ್ತಿನ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ಆಟಕ್ಕೆ ಆರು ನಿಮಿಷ, ಸರಿಯಲು ಒಂದು ಎಂದರೆ ಎಂಟು ಜನಕ್ಕೆ 49 ನಿಮಿಷ, ಹನ್ನೆರಡು ಜನಕ್ಕೆ 77, ಹದಿನಾರು ಜನಕ್ಕೆ 105. ಹನ್ನೆರಡರ ಮೇಲೆ ಒಂದೇ ಸಲಕ್ಕೆ ಮಾಡಿಸಬಾರದು ಅನ್ನುವುದು ನನ್ನ ತೀರ್ಮಾನ. ಕೊನೆಯ ಸುತ್ತುಗಳಲ್ಲಿ ಕಣ್ಣು ಎದುರಿಗಿದ್ದರೂ ಗಮನ ಇರುವುದಿಲ್ಲ. ಅಷ್ಟು ಜನರಿದ್ದರೆ ಎರಡು ಬೆಳಿಗ್ಗೆಗಳಿಗೆ ಹಂಚಿ, ಮೊದಲ ದಿನ ಯಾವ ಸುತ್ತಿಗೆ ನಿಂತಿತೋ ಅದನ್ನು ಗೋಡೆಯ ಪಟ್ಟಿಯಲ್ಲಿ ಗುರುತು ಮಾಡಿ. ಮರುದಿನ ಜನ ತಮಗೆ ನೆನಪಿರುವ ಕುರ್ಚಿಯಲ್ಲಿ ಕೂರುತ್ತಾರೆ, ಅದನ್ನು ನಂಬದೆ ಪಟ್ಟಿಯಲ್ಲಿರುವ ಜಾಗದಲ್ಲೇ ಕೂರಿಸಿ ಶುರು ಮಾಡಿ.