ಬಿಳಿ ಹೂವೂ ಎರಡು ಸಾಲೂ

ಸತ್ಯಜಿತ್ ರಾಯ್ ಅವರು 1980ರಲ್ಲಿ ಫ್ರೆಂಚ್ ಟೆಲಿವಿಷನ್ನಿಗಾಗಿ ತೆಗೆದ ‘ಪಿಕೂ’ ಕೇವಲ ಇಪ್ಪತ್ತಾರು ನಿಮಿಷದ ಬಂಗಾಳಿ ಚಿತ್ರ. ತಾಯಿ ತನ್ನ ಪ್ರಿಯನೊಡನೆ ಕೋಣೆಯಲ್ಲಿರಬೇಕೆಂದು ಮಗುವನ್ನು ಹೂಗಳ ಚಿತ್ರ ಬರೆಯಲು ತೋಟಕ್ಕೆ ಕಳಿಸುತ್ತಾಳೆ. ಬಣ್ಣದ ಲೇಖನಿಗಳಲ್ಲಿ ಬಿಳಿಯದು ಇಲ್ಲ. ಬಿಳಿ ಹೂವನ್ನು ಕಪ್ಪಿನಲ್ಲಿ ಬರೆಯುತ್ತೇನೆಂದು ಹುಡುಗ ಕೆಳಗಿನಿಂದ ಕೂಗುತ್ತಾನೆ. ಚಿತ್ರದ ಜೀವವೆಲ್ಲ ಆ ಕೂಗಿನಲ್ಲಿದೆ.

ಮಿತ್ರರೊಬ್ಬರು ಅಭ್ಯಾಸಕ್ಕೆಂದು ಇದಕ್ಕೆ ಹಿಂದಿಯ ಅಡಿಬರಹ ಹಾಕಿ ನನಗೆ ತೋರಿಸಿದರು. ಈ ಕೂಗಿಗೆ ಅವರು ಬರೆದಿದ್ದು: ‘ಮಾ, ಮೇರೇ ಪಾಸ್ ಸಫೇದ್ ರಂಗ್ ನಹೀಂ ಹೈ, ಇಸ್‌ಲಿಯೇ ಮೈಂ ಸಫೇದ್ ಫೂಲ್ ಕಾಲೇ ರಂಗ್ ಸೇ ಬನಾ ರಹಾ ಹೂಂ.’ ತಪ್ಪೇನೂ ಇಲ್ಲ. ಆದರೆ ಓದಿ ಮುಗಿಸುವಷ್ಟರಲ್ಲಿ ಮಾತು ಹಾರಿಹೋಗಿತ್ತು. ದೇವನಾಗರಿಯ ಕಾಗುಣಿತದ ಗುರುತು, ತೆರಪು ಎಲ್ಲವನ್ನೂ ಎಣಿಸಿದರೆ ಇದು ಸುಮಾರು 75 ಚಿಹ್ನೆ. ಸೆಕೆಂಡಿಗೆ 15 ಚಿಹ್ನೆಯ ನಿಧಾನದ ಓದಿಗೆ ಐದು ಸೆಕೆಂಡು ಬೇಕು. ಮಾತಿಗೆ ಸಿಗುವುದು ಮೂರು ಎಂದಿಟ್ಟುಕೊಳ್ಳಿ. ಉಳಿದೆರಡು ಸೆಕೆಂಡು ನೋಡುವವನ ಕಣ್ಣು ತಾಯಿಯ ಮೇಲಿರುವ ಬದಲು ತೆರೆಯ ಬುಡದಲ್ಲಿರುತ್ತದೆ.

ದೋಷ ಮಿತ್ರರದಷ್ಟೇ ಅಲ್ಲ. ಬಂಗಾಳಿ ‘ನೇಇ’ ಎಂಬಷ್ಟರಲ್ಲಿ ಹೇಳಿ ಮುಗಿಸುವುದಕ್ಕೆ ಹಿಂದಿಗೆ ‘ನಹೀಂ ಹೈ’ ಬೇಕು. ಬಂಗಾಳಿಯ ಕ್ರಿಯಾಪದಕ್ಕೆ ಲಿಂಗವಿಲ್ಲ, ಹಿಂದಿಗೆ ಉಂಟು. ನಮ್ಮ ‘ಬಂದನು, ಬಂದಳು’ಗಳಂತೆ. ಬರುವವರು ಯಾರೆಂದು ಮೂಲ ಬಚ್ಚಿಟ್ಟ ಕಡೆ ‘ಆಯೇಗಾ’ ಎಂದು ಬರೆದರೆ ಗುಟ್ಟು ಬಯಲು. ಇಂಥ ಕಡೆ ಮುಂದಿನ ದೃಶ್ಯ ನೋಡದೆ ಲೇಖನಿ ಎತ್ತಬಾರದು.

ಕಾರಣ ಹೇಳುವ ‘ಇಸ್‌ಲಿಯೇ’ ಬಿಡಬಹುದು. ಎರಡು ಮಾತು ಒಂದರ ಕೆಳಗೊಂದು ನಿಂತರೆ ಕಾರಣ ತಾನೇ ತಿಳಿಯುತ್ತದೆ. ‘ಮೇರೇ ಪಾಸ್’, ‘ಮೈಂ’, ಎರಡನೆಯ ‘ರಂಗ್’ ಸಹ ಬೇಡ. ಆಗ ಉಳಿಯುವುದು ಐವತ್ತು ಚಿಹ್ನೆ. ಮಿತ್ರರು ಒಪ್ಪಿ ಹೀಗೆ ಒಡೆದರು:

ಮಾ, ಸಫೇದ್ ರಂಗ್ ನಹೀಂ ಹೈ, ಸಫೇದ್
ಫೂಲ್ ಕಾಲೇ ಸೇ ಬನಾ ರಹಾ ಹೂಂ

ಸಾಲಿನ ಅಳತೆ ಸರಿ, ಅರ್ಥ ಕುಂಟಿತು. ‘ಬಿಳಿ’ ಮೇಲುಳಿಯಿತು, ‘ಹೂ’ ಕೆಳಗಿಳಿಯಿತು. ಕಣ್ಣು ಕೆಳಗೆ ಹೋಗಿ, ಬಿಳಿಯದೇನೆಂದು ಮತ್ತೆ ಮೇಲೇರುತ್ತದೆ. ವಿಶೇಷಣವನ್ನು ನಾಮಪದದಿಂದ, ‘ಸೇ’ಯನ್ನು ‘ಕಾಲೇ’ಯಿಂದ, ‘ಹೂಂ’ ಅನ್ನು ‘ರಹಾ’ದಿಂದ ಅಗಲಿಸಲಾಗದು. ‘ಹೈ’ ಆದಮೇಲೆ ಮುರಿದರೆ ಮೇಲಿನ ಸಾಲು ಚಿಕ್ಕದಾಗುತ್ತದೆ, ಆಗಲಿ; ‘ಸಫೇದ್ ಫೂಲ್ ಕಾಲೇ ಸೇ’ ಒಂದೇ ನೋಟಕ್ಕೆ ಸಿಗುತ್ತದೆ. ಬಿಳಿಯೂ ಕಪ್ಪೂ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ರಾಯ್ ಅವರ ಮಾತೇ ಇಲ್ಲ.

ಇಷ್ಟಾದರೂ ಅರ್ಧ ಸೆಕೆಂಡು ಕಡಿಮೆ ಬಿತ್ತು. ಮಾತು ನಿಂತಮೇಲೂ ಅಡಿಬರಹ ಉಳಿಸೋಣವೆಂದರು ಮಿತ್ರರು. ಮುಂದಿನ ಷಾಟ್ ಬರುವವರೆಗೆ ಎಡೆಯಿದ್ದರೆ ಸರಿ. ಷಾಟ್ ಬದಲಾದ ಮೇಲೂ ಬರಹ ನಿಲ್ಲುವುದು ನನಗೆ ಹಿಡಿಸದು. ನಾನು ‘ಮಾ’ ತೆಗೆಯಿರಿ ಎಂದೆ. ಬಂಗಾಳಿಯ ‘ಮಾ’ ಹಿಂದಿಯವನ ಕಿವಿಗೆ ಅನುವಾದವಿಲ್ಲದೆ ತಲುಪುತ್ತದೆ. ಮಗು ಕೂಗುವುದು ಕೇಳುತ್ತಿರುವಾಗ ಬರೆದು ತೋರಿಸುವುದೇಕೆ? ಮಿತ್ರರು ಮನಸ್ಸಿಲ್ಲದೆ ಅಳಿಸಿದರು.