ಆರಿಸಿದ ಮೇಲೂ ಮಿನುಗುವ ಬಲ್ಬು

ಸ್ವಿಚ್ ಆರಿಸಿದರೂ ಎಲ್‌ಇಡಿ ಬಲ್ಬು ಮಿಣಮಿಣ ಎನ್ನುತ್ತಿದೆ ಎಂದು ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ವೈರಿಂಗ್ ಕೆಲಸದವರ ಹತ್ತಿರ ಹೇಳಿ ನೋಡಿ. ಬೇರೆ ಕಂಪನಿಯ ಬಲ್ಬು ಹಾಕಿ ಎನ್ನುತ್ತಾರೆ, ಇಲ್ಲವೇ ಜೊತೆಗೊಂದು ಝೀರೋ ಬಲ್ಬು ಸೇರಿಸುತ್ತಾರೆ, ಅದೂ ಅಲ್ಲದಿದ್ದರೆ ಹೋಲ್ಡರಿಗೆ ಒಂದು ಕೆಪಾಸಿಟರ್ ಕಟ್ಟುತ್ತಾರೆ. ಮೂರರಲ್ಲಿ ಯಾವುದನ್ನು ಮಾಡಿದರೂ ಮಿನುಗು ನಿಲ್ಲಬಹುದು. ಆದರೆ ಸ್ವಿಚ್ಚಿನ ಮುಚ್ಚಳ ಬಿಚ್ಚಿ ನೋಡದೆ ಇವನ್ನು ಮಾಡುವ ರೂಢಿ ಅಪಾಯಕಾರಿ. ಕೆಲವು ಮನೆಗಳಲ್ಲಿ ಆ ಮಂದ ಬೆಳಕೇ ವೈರಿಂಗಿನ ದೊಡ್ಡ ದೋಷವೊಂದರ ಏಕೈಕ ಸೂಚನೆಯಾಗಿರುತ್ತದೆ.

2015ರ ಜನವರಿಯಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಮನೆಮನೆಯಲ್ಲೂ ಬಲ್ಬು ಬದಲಾಯಿತು, ಗೋಡೆಯೊಳಗಿನ ವೈರು ಬದಲಾಗಲಿಲ್ಲ. 60 ವ್ಯಾಟಿನ ಹಳೆಯ ಬಲ್ಬು ಪೂರ್ತಿ ಉರಿಯಲು ಸುಮಾರು 260 ಮಿಲಿ ಆಂಪಿಯರ್ ಬೇಕಿತ್ತು. ಅರ್ಧ ಮಿಲಿ ಆಂಪಿಯರ್ ಸೋರಿದರೆ ಅದರ ತಂತಿ ಬೆಚ್ಚಗೂ ಆಗುತ್ತಿರಲಿಲ್ಲ. ಎಲ್‌ಇಡಿಗೆ ಕತ್ತಲಲ್ಲಿ ಕಾಣುವಷ್ಟು ಬೆಳಗಲು ಅದರ ಐದನೇ ಒಂದು ಭಾಗವೇ ಸಾಕು. ಬಲ್ಬಿನೊಳಗಿನ ಸರ್ಕ್ಯೂಟ್ ಸರಳವಾಗಿದ್ದರೆ ಸೋರಿದ ಕರೆಂಟು ಒಂದೇ ಸಮನೆ ಮಂದವಾಗಿ ಬೆಳಗಿಸುತ್ತದೆ. ಡ್ರೈವರ್ ಐಸಿ ಇದ್ದರೆ ಒಳಗಿನ ಕೆಪಾಸಿಟರ್ ನಿಧಾನವಾಗಿ ತುಂಬಿಕೊಂಡು, ಐಸಿ ಎಚ್ಚರಗೊಳ್ಳುವ ಮಟ್ಟ ಮುಟ್ಟಿದಾಗ ಬಲ್ಬು ಒಮ್ಮೆ ಮಿಂಚಿ ಆರುತ್ತದೆ, ಮತ್ತೆ ತುಂಬುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವ ಬಲ್ಬಿನ ಗುಟ್ಟು ಇದು. ಆರಿಸಿದ ಮೇಲೆ ಅರ್ಧ ನಿಮಿಷ ಮಸುಕಾಗಿ ಉಳಿದು ತಾನೇ ನಂದುವ ಬೆಳಕು ಮಾತ್ರ ದೋಷವಲ್ಲ.

ಸೋರಿಕೆಯ ದಾರಿ ಯಾವುದು ಎಂಬುದೇ ಮುಖ್ಯ. ಸ್ವಿಚ್ ಆರಿದಾಗ ಹತ್ತಿಕೊಳ್ಳುವ ಕೆಂಪು ಇಂಡಿಕೇಟರ್ ಇದ್ದರೆ, ಅದರ ಕರೆಂಟು ಬಲ್ಬಿನ ಮೂಲಕವೇ ಹಾದು ಹೋಗುತ್ತದೆ. ಇಂಡಿಕೇಟರ್ ತೆಗೆದರೆ ಮುಗಿಯಿತು.

ಮೆಟ್ಟಿಲಿನ ಟೂ ವೇ ಸ್ವಿಚ್ಚಿನದು ಬೇರೆ ಕತೆ. ವಿನೋಬನಗರದಂಥ ಬಡಾವಣೆಯ ಎರಡಂತಸ್ತಿನ ಮನೆಯೊಂದನ್ನು ತೆಗೆದುಕೊಳ್ಳೋಣ. ಕೆಳಗಿನ ಸ್ವಿಚ್ಚಿನಿಂದ ಮೇಲಿನದಕ್ಕೆ ಎರಡು ವೈರು ಒಂದೇ ಪೈಪಿನಲ್ಲಿ 15 ಮೀಟರ್ ಜೊತೆಯಾಗಿ ಓಡುತ್ತವೆ. ಬಲ್ಬು ಆರಿದ್ದಾಗ ಒಂದರಲ್ಲಿ ಫೇಸ್ ಇರುತ್ತದೆ, ಇನ್ನೊಂದು ಬಲ್ಬಿಗೆ ಸೇರಿರುತ್ತದೆ. ಅಕ್ಕಪಕ್ಕದ ಎರಡು ವೈರು ತಾವೇ ಒಂದು ಸಣ್ಣ ಕೆಪಾಸಿಟರ್. ಮೀಟರಿಗೆ 100 ಪಿಕೋಫ್ಯಾರಡ್ ಹಿಡಿದರೆ 230 ವೋಲ್ಟಿನಲ್ಲಿ ಸುಮಾರು 0.1 ಮಿಲಿ ಆಂಪಿಯರ್ ದಾಟುತ್ತದೆ. ಇಲ್ಲಿ ಯಾರ ತಪ್ಪೂ ಇಲ್ಲ, ಕೆಪಾಸಿಟರೇ ಸರಿಯಾದ ಮದ್ದು. 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿಯ ಎಕ್ಸ್2 ಗುರುತಿನದನ್ನು 100 ಓಮ್ ರೆಸಿಸ್ಟರಿನೊಂದಿಗೆ ಬಲ್ಬಿಗೆ ಸಮಾನಾಂತರವಾಗಿ ಕೂರಿಸಿದರೆ ಬಲ್ಬಿನ ಮೇಲೆ ಮೂರು ವೋಲ್ಟಿನಷ್ಟೇ ಉಳಿಯುತ್ತದೆ. ಕೈಗೆ ಸಿಕ್ಕಿತೆಂದು ಫ್ಯಾನಿನ ಕೆಪಾಸಿಟರ್ ಹಾಕಬಾರದು. ಅದು ಇಪ್ಪತ್ತೈದು ಪಟ್ಟು ದೊಡ್ಡದು, ಪ್ರತಿ ಬಾರಿ ಸ್ವಿಚ್ ಹಾಕಿದಾಗಲೂ ಸ್ವಿಚ್ಚಿನ ಬಾಯನ್ನು ಸುಡುತ್ತದೆ. ಝೀರೋ ಬಲ್ಬೂ ಸೋರಿಕೆಯನ್ನು ಹೀರಿಕೊಳ್ಳುತ್ತದೆ ನಿಜ, ಆದರೆ ತಂತಿಯ ಝೀರೋ ಬಲ್ಬು ಸುಮಾರು 15 ವ್ಯಾಟ್ ತಿನ್ನುತ್ತದೆ. 9 ವ್ಯಾಟಿನ ಎಲ್‌ಇಡಿಗೆ ಅದನ್ನು ಕಾವಲಿಡುವುದು ಯಾವ ಲೆಕ್ಕ?

ನನ್ನ ಆತಂಕವಿರುವುದು ಮೂರನೆಯ ಕಾರಣದ ಬಗ್ಗೆ. ಸ್ವಿಚ್ಚು ಫೇಸಿನಲ್ಲಿ ಇರಬೇಕೆಂದು ವೈರಿಂಗಿನ ನಿಯಮ ಹೇಳುತ್ತದೆ. ಹಳೆಯ ಹೆಂಚಿನ ಮನೆಗಳಲ್ಲಿ, ಮರದ ಪಟ್ಟಿಯ ಮೇಲೆ ಎಳೆದ ವೈರಿಂಗಿನಲ್ಲಿ, ಎಷ್ಟೋ ಕಡೆ ಅದು ನ್ಯೂಟ್ರಲ್ಲಿನಲ್ಲಿ ಕೂತಿರುತ್ತದೆ. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನವರೆಗೆ ಫೇಸ್ ಬಂದೇ ಇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗೋಡೆ ಒದ್ದೆಯಾದಾಗ ಸೋರಿಕೆ ಹೆಚ್ಚಿ ಮಿನುಗೂ ಹೆಚ್ಚಬಹುದು. ಇಲ್ಲಿ ಬಲ್ಬು ಬದಲಿಸಿದರೂ ಕೆಪಾಸಿಟರ್ ಕಟ್ಟಿದರೂ ಬೆಳಕು ಹೋಗುತ್ತದೆ, ಫೇಸ್ ಹೋಗುವುದಿಲ್ಲ. ಸ್ವಿಚ್ ಆರಿಸಿದ್ದೇನಲ್ಲ ಎಂಬ ಧೈರ್ಯದಲ್ಲಿ ಸ್ಟೂಲು ಹತ್ತಿ ಬಲ್ಬು ತೆಗೆಯುವವರ ಬೆರಳಿಗೆ ಹೋಲ್ಡರಿನ ಪಿನ್ನು ತಗುಲಿದರೆ ಪ್ರಾಣಕ್ಕೇ ಸಂಚಕಾರ.

ಕಂಡುಹಿಡಿಯುವುದು ಕಷ್ಟವಲ್ಲ. ಕೆಲಸ ಬಲ್ಲವರು ಮೇನ್ ಆರಿಸಿ ಮುಚ್ಚಳ ಬಿಚ್ಚಿ, ಮತ್ತೆ ಮೇನ್ ಹಾಕಿ, ಸ್ವಿಚ್ಚನ್ನು ಆನ್ ಮಾಡಿ ಅದರ ಎರಡೂ ತುದಿಗೆ ಟೆಸ್ಟರ್ ಇಡಬೇಕು. ಎರಡರಲ್ಲೂ ಹೊತ್ತಿದರೆ ಸ್ವಿಚ್ಚು ಫೇಸಿನಲ್ಲಿದೆ. ಎರಡರಲ್ಲೂ ಹೊತ್ತದೆ ಬಲ್ಬು ಮಾತ್ರ ಉರಿಯುತ್ತಿದ್ದರೆ ಸ್ವಿಚ್ಚು ನ್ಯೂಟ್ರಲ್ಲಿನಲ್ಲಿದೆ. ಆರಿದ ಸ್ವಿಚ್ಚಿನಲ್ಲಿ ಟೆಸ್ಟರ್ ಮಂದವಾಗಿ ಹೊತ್ತುವುದನ್ನು ನಂಬಬೇಡಿ, ಪಕ್ಕದ ವೈರಿನ ಪ್ರಭಾವಕ್ಕೂ ಅದು ಹೊತ್ತುತ್ತದೆ. ಒಂದೇ ಕೋಣೆಯಲ್ಲಿ ಹೀಗಿದ್ದರೆ ಬೋರ್ಡಿನಲ್ಲೇ ವೈರು ಅದಲುಬದಲು ಮಾಡಬಹುದು. ಇಡೀ ಮನೆಯ ಬಲ್ಬುಗಳೆಲ್ಲ ಒಂದು ದಿನದಿಂದ ಒಮ್ಮೆಲೇ ಮಿನುಗತೊಡಗಿದ್ದರೆ, ಕಂಬದಿಂದ ಬರುವ ಸರ್ವೀಸ್ ವೈರಿನಲ್ಲೇ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಮೀಟರಿನ ಸೀಲ್ ಮುಟ್ಟದೆ ಮೆಸ್ಕಾಂಗೆ ದೂರು ಕೊಡಬೇಕು.

ವೈರಿಂಗ್ ಕೆಲಸದವರಲ್ಲಿ ನನ್ನ ಕೋರಿಕೆ ಇಷ್ಟೇ: ಹೊಸ ಬಲ್ಬು ಮಾರುವ ಮುಂಚೆ, ಕೆಪಾಸಿಟರ್ ಕಟ್ಟುವ ಮುಂಚೆ, ಸ್ವಿಚ್ಚಿನ ಎರಡು ತುದಿಗೆ ಟೆಸ್ಟರ್ ಇಟ್ಟು ನೋಡಿ. ಮನೆಯವರೂ ಅದನ್ನು ಕೇಳಿ ಮಾಡಿಸಿಕೊಳ್ಳಿ.